ಅಗ್ಗದ ಔಷಧಿಗೆ ಎಷ್ಟು ಅಕ್ಷರಗಳ ರಿಯಾಯಿತಿ?

ಅಮೆರಿಕದ ಜೆನೆನ್‌ಟೆಕ್ ಕಂಪನಿ ಎರಡು ಔಷಧಿಗಳನ್ನು ತಯಾರಿಸುತ್ತದೆ. ಒಂದು ಅವಾಸ್ಟಿನ್, ಇನ್ನೊಂದು ಲುಸೆಂಟಿಸ್. ಅವಾಸ್ಟಿನ್‌ಗೆ 2004ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಚಿಕಿತ್ಸೆಗೆಂದು ಒಪ್ಪಿಗೆ ಸಿಕ್ಕಿತು. ಲುಸೆಂಟಿಸ್‌ಗೆ 2006ರಲ್ಲಿ ಕಣ್ಣಿನ ಕಾಯಿಲೆಯೊಂದಕ್ಕೆ ಒಪ್ಪಿಗೆ ಸಿಕ್ಕಿತು. ವಯಸ್ಸಾದವರ ರೆಟಿನಾದ ನಟ್ಟನಡುವಿನ ಮ್ಯಾಕ್ಯುಲಾ ಎಂಬ ಭಾಗದ ಕೆಳಗೆ ಅನಗತ್ಯ ರಕ್ತನಾಳಗಳು ಬೆಳೆದು, ಸೋರಿ, ಎದುರಿಗಿರುವವರ ಮುಖವೇ ಕಾಣದಂತೆ ಮಾಡುವ ಕಾಯಿಲೆ ಅದು. ವೈದ್ಯರು ಇದನ್ನು ವೆಟ್ ಎಎಂಡಿ ಎನ್ನುತ್ತಾರೆ. ಎರಡೂ ಔಷಧಿಗಳು ರಕ್ತನಾಳ ಬೆಳೆಸುವ ಒಂದೇ ಪ್ರೋಟೀನನ್ನು ತಡೆಯುತ್ತವೆ. ಆದರೆ ಕಣ್ಣಿಗೆ ಕೊಡುವ ಲುಸೆಂಟಿಸ್‌ನ ಒಂದು ಡೋಸ್‌ಗೆ ಸುಮಾರು 2000 ಡಾಲರ್ ಆಗುತ್ತಿತ್ತು. ಅವಾಸ್ಟಿನ್‌ನ ದೊಡ್ಡ ಸೀಸೆಯಿಂದ ಕಣ್ಣಿಗೆ ಬೇಕಾದಷ್ಟನ್ನು ಮಾತ್ರ ಸಿರಿಂಜಿಗೆ ತುಂಬಿಕೊಂಡರೆ ಸುಮಾರು 50 ಡಾಲರ್ ಸಾಕಾಗುತ್ತಿತ್ತು.

ಲುಸೆಂಟಿಸ್ ಮಾರುಕಟ್ಟೆಗೆ ಬರುವ ಮೊದಲೇ, 2005ರಲ್ಲಿ, ಮಯಾಮಿಯ ಕಣ್ಣಿನ ವೈದ್ಯ ಫಿಲಿಪ್ ರೋಸೆನ್‌ಫೆಲ್ಡ್ ಅವಾಸ್ಟಿನ್ ಅನ್ನು ಕಣ್ಣಿನೊಳಕ್ಕೆ ಚುಚ್ಚಿ ನೋಡಿದ್ದರು. ರೋಗಿಗಳಿಗೆ ಗುಣ ಕಂಡಿತ್ತು. ಕೆಲವೇ ವರ್ಷಗಳಲ್ಲಿ ಎಲ್ಲ ಕಡೆ ವೈದ್ಯರು ಅದನ್ನು ಬಳಸತೊಡಗಿದರು. ಆದರೂ ಅದು ಲುಸೆಂಟಿಸ್‌ನಷ್ಟೇ ಒಳ್ಳೆಯದೇ ಎಂಬ ಪ್ರಶ್ನೆಗೆ ಯಾರ ಬಳಿಯೂ ಗಟ್ಟಿ ಉತ್ತರ ಇರಲಿಲ್ಲ. ಆ ಉತ್ತರ ಹುಡುಕಲು ಅಮೆರಿಕದ ಸರ್ಕಾರಿ ಸಂಸ್ಥೆ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ ಹಣ ಕೊಟ್ಟಿತು. ಹಾಗೆ 2008ರಲ್ಲಿ ಆರಂಭವಾದ ಪ್ರಯೋಗದ ಹೆಸರು ಕ್ಯಾಟ್. ಕ್ಲೀವ್‌ಲ್ಯಾಂಡಿನ ಡೇನಿಯಲ್ ಮಾರ್ಟಿನ್ ಅದರ ಮುಖ್ಯಸ್ಥರಾಗಿದ್ದರು. ಸುಮಾರು 1200 ರೋಗಿಗಳು ಅದರಲ್ಲಿ ಪಾಲ್ಗೊಂಡರು.

ಒಬ್ಬ ರೋಗಿಗೂ ಚುಚ್ಚುಮದ್ದು ಕೊಡುವ ಮೊದಲು ಆ ತಂಡ ಒಂದು ಸಂಖ್ಯೆಯನ್ನು ಗೊತ್ತುಮಾಡಿಕೊಳ್ಳಬೇಕಿತ್ತು. ಅಗ್ಗದ ಔಷಧಿ ದುಬಾರಿಯದಕ್ಕಿಂತ ಹೆಚ್ಚೆಂದರೆ ಎಷ್ಟು ಹಿಂದೆ ಬಿದ್ದರೂ ಅದನ್ನು ‘ಕೀಳಲ್ಲ’ ಎನ್ನಬಹುದು? ಈ ಸಂಖ್ಯೆಯನ್ನು ಮಾರ್ಜಿನ್ ಎನ್ನುತ್ತಾರೆ. ಇಂಥ ಪ್ರಯೋಗದ ಹೆಸರು ನಾನ್-ಇನ್ಫೀರಿಯಾರಿಟಿ ಟ್ರಯಲ್. ತೀರ್ಪು ಯಾವ ಕಡೆ ವಾಲುತ್ತದೆ ಎಂಬುದು ಬಹುಮಟ್ಟಿಗೆ ಈ ಒಂದು ಸಂಖ್ಯೆಯ ಮೇಲೆ ನಿಂತಿರುತ್ತದೆ. ಆದ್ದರಿಂದ ಅದನ್ನು ಯಾರು, ಯಾವ ಆಧಾರದ ಮೇಲೆ ನಿಗದಿ ಮಾಡುತ್ತಾರೆ ಎಂಬುದು ಔಷಧಿ ತೆಗೆದುಕೊಳ್ಳುವ ಪ್ರತಿಯೊಬ್ಬರಿಗೂ ಸಂಬಂಧಿಸಿದ ವಿಷಯ.

ವ್ಯತ್ಯಾಸ ಕಾಣದಿದ್ದರೆ ಸಮವೆಂದು ಅರ್ಥವೇ?

ಹೊಸ ಔಷಧಿಯೊಂದು ಹಳೆಯದಕ್ಕಿಂತ ಮೇಲು ಎಂದು ತೋರಿಸುವುದು ಸಾಮಾನ್ಯ ಪ್ರಯೋಗಗಳ ಗುರಿ. ಅಗ್ಗದ ಔಷಧಿಯ ವಿಷಯದಲ್ಲಿ ಅಷ್ಟು ಬೇಕಿಲ್ಲ. ಅದು ಮೇಲಾಗಿರಬೇಕಿಲ್ಲ, ಸರಿಸಮವಾಗಿದ್ದರೆ ಸಾಕು. ಹಾಗಾದರೆ ಎರಡನ್ನೂ ಹೋಲಿಸಿ, ‘ವ್ಯತ್ಯಾಸ ಕಾಣಲಿಲ್ಲ’ ಎಂದು ಬಂದರೆ ಮುಗಿಯಿತಲ್ಲವೇ ಎಂದು ಅನ್ನಿಸಬಹುದು. ಅಲ್ಲೇ ತೊಡಕು ಇರುವುದು. ಇಪ್ಪತ್ತು ಜನರ ಮೇಲೆ ನಡೆದ ಪ್ರಯೋಗದಲ್ಲಿ ದೊಡ್ಡ ವ್ಯತ್ಯಾಸವೂ ಕಣ್ಣಿಗೆ ಬೀಳದೆ ಹೋಗಬಹುದು. ಕಾಣಲಿಲ್ಲ ಎಂಬುದು ಇಲ್ಲ ಎಂಬುದಕ್ಕೆ ಪುರಾವೆಯಲ್ಲ. ಪ್ರಯೋಗ ಚಿಕ್ಕದಾದಷ್ಟೂ ಸಮವೆಂದು ಸಾರುವುದು ಸುಲಭವಾಗುವುದಾದರೆ, ಕೆಟ್ಟ ಪ್ರಯೋಗ ಮಾಡಿದವರಿಗೇ ಬಹುಮಾನ ಕೊಟ್ಟಂತಾಗುತ್ತದೆ.

ಸಂಪೂರ್ಣ ಸಮ ಎಂದು ತೋರಿಸಲು ಎಷ್ಟು ರೋಗಿಗಳಿದ್ದರೂ ಸಾಲದು, ಏಕೆಂದರೆ ಎಲ್ಲ ಅಳತೆಯಲ್ಲೂ ಸ್ವಲ್ಪ ಅನಿಶ್ಚಿತತೆ ಉಳಿದೇ ಉಳಿಯುತ್ತದೆ. ಹಾಗಾಗಿ ಪ್ರಶ್ನೆಯನ್ನೇ ಬದಲಿಸುತ್ತಾರೆ. ಅಗ್ಗದ ಔಷಧಿ ಹಿಂದೆ ಬಿದ್ದಿದ್ದರೂ, ಇಷ್ಟಕ್ಕಿಂತ ಹೆಚ್ಚು ಬಿದ್ದಿಲ್ಲ ಎಂದು ಭರವಸೆಯಿಂದ ಹೇಳಬಹುದೇ? ‘ಇಷ್ಟು’ ಎಂಬುದನ್ನು ಮೊದಲೇ ಬರೆದಿಡಬೇಕು. ಪ್ರಯೋಗ ಮುಗಿದ ಮೇಲೆ ಸರಾಸರಿ ವ್ಯತ್ಯಾಸದ ಜೊತೆಗೆ ಅದರ ಸುತ್ತಲಿನ ವಿಶ್ವಾಸ ವ್ಯಾಪ್ತಿಯನ್ನೂ ಲೆಕ್ಕ ಹಾಕುತ್ತಾರೆ. ಇದೇ ಬಗೆಯ ಪ್ರಯೋಗವನ್ನು ಮತ್ತೆ ಮತ್ತೆ ನಡೆಸಿದರೆ, ಹೀಗೆ ಕಟ್ಟಿದ ವ್ಯಾಪ್ತಿಗಳಲ್ಲಿ ನೂರಕ್ಕೆ 95 ನಿಜವಾದ ವ್ಯತ್ಯಾಸವನ್ನು ಒಳಗೊಂಡಿರುತ್ತವೆ. ಆ ವ್ಯಾಪ್ತಿಯ ಅತ್ಯಂತ ಕೆಟ್ಟ ತುದಿಯೂ ಮಾರ್ಜಿನ್‌ನ ಒಳಗೇ ಇದ್ದರೆ ಅಗ್ಗದ ಔಷಧಿ ತೇರ್ಗಡೆ. ಇಲ್ಲಿ ಸರಾಸರಿ ಎಷ್ಟು ಬಂತು ಎಂಬುದಕ್ಕಿಂತ ಕೆಟ್ಟ ತುದಿ ಎಲ್ಲಿ ನಿಂತಿತು ಎಂಬುದೇ ಮುಖ್ಯ.

ಕ್ಯಾಟ್ ಪ್ರಯೋಗದಲ್ಲಿ ಅಳತೆಗೋಲು ಕಣ್ಣಿನ ಪರೀಕ್ಷೆಯ ಅಕ್ಷರಫಲಕ. ಪ್ರತಿ ಸಾಲಿನಲ್ಲಿ ಐದು ಅಕ್ಷರಗಳಿದ್ದು, ಕೆಳಗಿಳಿದಂತೆ ಗಾತ್ರ ಕಿರಿದಾಗುತ್ತದೆ. ಸರಿಯಾಗಿ ಓದಿದ ಪ್ರತಿ ಅಕ್ಷರಕ್ಕೂ ಒಂದು ಅಂಕ. ಒಂದು ವರ್ಷದ ಚಿಕಿತ್ಸೆಯ ನಂತರ ರೋಗಿ ಮೊದಲಿಗಿಂತ ಎಷ್ಟು ಅಕ್ಷರ ಹೆಚ್ಚು ಓದುತ್ತಾರೆ ಎಂಬುದೇ ಫಲಿತಾಂಶ. ಕ್ಯಾಟ್ ತಂಡ ಆರಿಸಿಕೊಂಡ ಮಾರ್ಜಿನ್ 5 ಅಕ್ಷರ, ಅಂದರೆ ಫಲಕದ ಒಂದು ಸಾಲು. ನಾಲ್ಕಾಗಲೀ ಹತ್ತಾಗಲೀ ಅಲ್ಲದೆ ಐದೇ ಏಕೆ ಎಂಬುದಕ್ಕೆ ಎರಡು ದಿಕ್ಕಿನಿಂದ ಉತ್ತರ ಬರಬೇಕು.

ಮೊದಲ ಸಮರ್ಥನೆ: ಹಳೆಯ ಔಷಧಿ ಏನು ಕೊಟ್ಟಿತ್ತು?

ಮೊದಲ ಉತ್ತರ ಇತಿಹಾಸದಿಂದ ಬರುತ್ತದೆ. ಲುಸೆಂಟಿಸ್‌ಗೆ ಒಪ್ಪಿಗೆ ಸಿಗಲು ಕಾರಣವಾದ ಪ್ರಯೋಗಗಳಲ್ಲಿ ಒಂದು 2006ರಲ್ಲಿ ಪ್ರಕಟವಾದ ಮರೀನಾ. ಅದರಲ್ಲಿ ಒಂದು ಗುಂಪಿಗೆ ಲುಸೆಂಟಿಸ್ ಕೊಟ್ಟರು, ಇನ್ನೊಂದು ಗುಂಪಿಗೆ ಹುಸಿ ಚುಚ್ಚುಮದ್ದು, ಅಂದರೆ ಸೂಜಿಯಿಲ್ಲದ ಸಿರಿಂಜನ್ನು ಕಣ್ಣಿಗೆ ಒತ್ತುವುದು ಮಾತ್ರ. ಒಂದು ವರ್ಷದ ಕೊನೆಗೆ ಲುಸೆಂಟಿಸ್‌ನ ಹೆಚ್ಚಿನ ಡೋಸ್ ಪಡೆದವರು ಸರಾಸರಿ 7.2 ಅಕ್ಷರ ಗಳಿಸಿದ್ದರು. ಹುಸಿ ಚುಚ್ಚುಮದ್ದಿನವರು 10.4 ಅಕ್ಷರ ಕಳೆದುಕೊಂಡಿದ್ದರು. ಒಟ್ಟು ವ್ಯತ್ಯಾಸ 17.6 ಅಕ್ಷರ. ಲುಸೆಂಟಿಸ್ ಮಾಡಿದ ಒಟ್ಟು ಉಪಕಾರ ಅದು.

ಈ ಸಂಖ್ಯೆ ಮಾರ್ಜಿನ್‌ಗೆ ಒಂದು ಗಟ್ಟಿ ಗೋಡೆ ಕಟ್ಟುತ್ತದೆ. ಯಾರಾದರೂ ಮಾರ್ಜಿನ್ ಅನ್ನು 25 ಅಕ್ಷರ ಎಂದು ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು? ಔಷಧಿಯೇ ಇಲ್ಲದ ಹುಸಿ ಚುಚ್ಚುಮದ್ದು ಕೂಡ ‘ಲುಸೆಂಟಿಸ್‌ಗಿಂತ ಕೀಳಲ್ಲ’ ಎಂದು ಪ್ರಮಾಣಪತ್ರ ಪಡೆಯುತ್ತಿತ್ತು. ಮಾರ್ಜಿನ್ ಯಾವತ್ತೂ ರೂಢಿಯ ಔಷಧಿಯ ಪೂರ್ತಿ ಉಪಕಾರಕ್ಕಿಂತ ದೊಡ್ಡದಾಗಕೂಡದು ಎಂಬುದು ಇದರಿಂದ ತಿಳಿಯುತ್ತದೆ.

ಆದರೆ 17.6 ಎಂಬುದೂ ಒಂದು ಅಂದಾಜೇ. ಅದಕ್ಕೂ ಅದರದೇ ಅನಿಶ್ಚಿತತೆ ಇದೆ. ಆದ್ದರಿಂದ ಎಚ್ಚರಿಕೆಯುಳ್ಳವರು ಸರಾಸರಿಯನ್ನು ಬಿಟ್ಟು, ಆ ಅಂದಾಜಿನ ಕಡಿಮೆ ತುದಿಯನ್ನು ಹಿಡಿಯುತ್ತಾರೆ. ಪ್ರತಿ ಗುಂಪಿನಲ್ಲಿ ಸುಮಾರು 240 ರೋಗಿಗಳಿದ್ದರು. ಇಂಥ ಕಾಯಿಲೆಯಲ್ಲಿ ರೋಗಿಯಿಂದ ರೋಗಿಗೆ ಅಂಕ ಎಷ್ಟು ಏರಿಳಿಯುತ್ತದೆ ಎಂಬುದನ್ನು ಗಮನಿಸಿ ಒರಟು ಲೆಕ್ಕ ಹಾಕಿದರೆ ಆ ಕಡಿಮೆ ತುದಿ 15 ಅಕ್ಷರದ ಆಸುಪಾಸಿನಲ್ಲಿ ನಿಲ್ಲುತ್ತದೆ. ಲುಸೆಂಟಿಸ್ ಕನಿಷ್ಠ 15 ಅಕ್ಷರದಷ್ಟು ಉಪಕಾರ ಮಾಡುತ್ತದೆ ಎಂದು ನೆಚ್ಚಿಕೊಳ್ಳಬಹುದು ಎಂದು ಇದರ ಅರ್ಥ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ 2016ರ ಮಾರ್ಗಸೂಚಿ ಈ ಮೊದಲ ಸಂಖ್ಯೆಯನ್ನು ಎಂ1 ಎಂದು ಕರೆಯುತ್ತದೆ. ಅದರೊಳಗೆ, ಅದಕ್ಕಿಂತ ಚಿಕ್ಕದಾಗಿ, ನಿಜವಾಗಿ ಬಳಸುವ ಮಾರ್ಜಿನ್ ಎಂ2. ಎಂ1ರ ಅರ್ಧದಷ್ಟನ್ನಾದರೂ ಉಳಿಸಿಕೊಳ್ಳಬೇಕು ಎಂಬುದು ಅನೇಕ ಪ್ರಯೋಗಗಳಲ್ಲಿ ಪಾಲಿಸುವ ವಾಡಿಕೆ. ಆ ವಾಡಿಕೆಯಂತೆ ಇಲ್ಲಿ ಏಳೂವರೆ ಅಕ್ಷರದವರೆಗೆ ಹೋಗಬಹುದಿತ್ತು. ಕ್ಯಾಟ್‌ನ 5 ಅಕ್ಷರ ಅದಕ್ಕಿಂತ ಬಿಗಿ. ಅಗ್ಗದ ಔಷಧಿ ಐದು ಅಕ್ಷರ ಪೂರ್ತಿ ಹಿಂದೆ ಬಿದ್ದರೂ ಲುಸೆಂಟಿಸ್‌ನ ಖಚಿತ ಉಪಕಾರದಲ್ಲಿ ಮೂರರಲ್ಲಿ ಎರಡು ಪಾಲು ಉಳಿದಿರುತ್ತದೆ.

ಎರಡನೆಯ ಸಮರ್ಥನೆ: ರೋಗಿಗೆ ಅದು ಎಷ್ಟು ಮುಖ್ಯ?

ಅರ್ಧ, ಮೂರನೇ ಒಂದು ಪಾಲು ಎಂಬ ಲೆಕ್ಕಗಳಿಂದ ಗೋಡೆ ಎಲ್ಲಿದೆ ಎಂದು ತಿಳಿಯುತ್ತದೆಯೇ ಹೊರತು, ಗೋಡೆಯ ಒಳಗೆ ಎಲ್ಲಿ ನಿಲ್ಲಬೇಕು ಎಂದು ತಿಳಿಯುವುದಿಲ್ಲ. ಅದನ್ನು ತೀರ್ಮಾನಿಸಬೇಕಾದದ್ದು ರೋಗಿಯ ಬದುಕಿನಿಂದ. ಅಕ್ಷರಫಲಕದಲ್ಲಿ 15 ಅಕ್ಷರ, ಅಂದರೆ ಮೂರು ಸಾಲು ಕಳೆದುಕೊಂಡರೆ, ಮೊದಲು ಕಾಣುತ್ತಿದ್ದ ಅಕ್ಷರ ಈಗ ಇಮ್ಮಡಿ ಗಾತ್ರವಾದರೆ ಮಾತ್ರ ಕಂಡೀತು. ಪತ್ರಿಕೆ ಓದುವವರಿಗೆ, ಬಸ್ಸಿನ ಬೋರ್ಡು ನೋಡುವವರಿಗೆ ಇದು ದೊಡ್ಡ ನಷ್ಟವೆಂಬುದರಲ್ಲಿ ಎರಡು ಮಾತಿಲ್ಲ. ಒಂದೆರಡು ಅಕ್ಷರದ ವ್ಯತ್ಯಾಸವೋ, ಒಬ್ಬರೇ ರೋಗಿಯನ್ನು ಒಂದೇ ವಾರದಲ್ಲಿ ಎರಡು ಸಲ ಪರೀಕ್ಷಿಸಿದಾಗಲೂ ಬರುವಂಥದ್ದು. ಐದು ಅಕ್ಷರ ಈ ಎರಡರ ನಡುವೆ ಬರುತ್ತದೆ. ಒಬ್ಬ ರೋಗಿಯ ಮಟ್ಟಿಗೆ ಅದು ಅಳತೆಯ ಏರಿಳಿತದಿಂದ ಪ್ರತ್ಯೇಕಿಸಲು ಕಷ್ಟವಾದ ಮೊತ್ತ.

ಇಲ್ಲಿ ಎಚ್ಚರ ತಪ್ಪಬಾರದು. ಮಾರ್ಜಿನ್ ಸರಾಸರಿಗೆ ಸಂಬಂಧಿಸಿದ್ದು. ಗುಂಪಿನ ಸರಾಸರಿ ಐದು ಅಕ್ಷರ ಕೆಳಗಿಳಿಯಬೇಕಾದರೆ ಎಲ್ಲರೂ ಐದೈದು ಅಕ್ಷರ ಕಳೆದುಕೊಂಡಿರಬಹುದು, ಇಲ್ಲವೇ ಮೂವರಲ್ಲಿ ಒಬ್ಬರು ಹದಿನೈದು ಅಕ್ಷರ ಕಳೆದುಕೊಂಡು ಉಳಿದಿಬ್ಬರು ಹಾಗೆಯೇ ಇರಬಹುದು. ಎರಡನೆಯದು ನಡೆದಿದ್ದರೆ ‘ಚಿಕ್ಕ ವ್ಯತ್ಯಾಸ’ ಎನ್ನುವುದು ಆ ಒಬ್ಬರಿಗೆ ಮಾಡುವ ಅನ್ಯಾಯ. ಆದ್ದರಿಂದ ಸರಾಸರಿಯ ಜೊತೆಗೆ 15 ಅಕ್ಷರ ಕಳೆದುಕೊಂಡವರ ಪ್ರಮಾಣವನ್ನೂ ವರದಿಯಲ್ಲಿ ಕೊಡುತ್ತಾರೆ. ಓದುವವರು ಅದನ್ನೂ ನೋಡಬೇಕು.

ಬೆಲೆಯ ಮಾತು ಬರುವುದೂ ಈ ಎರಡನೆಯ ಸಮರ್ಥನೆಯಲ್ಲೇ. ಕ್ಯಾಟ್‌ನಲ್ಲಿ ತಿಂಗಳಿಗೊಮ್ಮೆ ಲುಸೆಂಟಿಸ್ ಪಡೆದ ರೋಗಿಯ ವರ್ಷದ ಔಷಧಿ ಖರ್ಚು ಸರಾಸರಿ 23,400 ಡಾಲರ್. ಅವಾಸ್ಟಿನ್ ಅನ್ನು ಅಗತ್ಯವಿದ್ದಾಗ ಮಾತ್ರ ಪಡೆದವರದು 385 ಡಾಲರ್. ದುಡ್ಡಿಲ್ಲದೆ ಚಿಕಿತ್ಸೆಯನ್ನೇ ಬಿಟ್ಟವರು ಮರೀನಾದ ಹುಸಿ ಚುಚ್ಚುಮದ್ದಿನವರಂತೆ ಹತ್ತು ಅಕ್ಷರ ಕಳೆದುಕೊಳ್ಳಬಹುದು. ಆ ದೃಷ್ಟಿಯಿಂದ ಒಂದೆರಡು ಅಕ್ಷರದ ರಿಯಾಯಿತಿ ನ್ಯಾಯವೆನ್ನಿಸುತ್ತದೆ. ಆದರೆ ಔಷಧಿ ಎಷ್ಟು ಅಗ್ಗವಾದರೂ ಇತಿಹಾಸ ಕಟ್ಟಿದ ಗೋಡೆ ಹಿಂದಕ್ಕೆ ಸರಿಯುವುದಿಲ್ಲ. ಪುಕ್ಕಟೆ ಸಿಕ್ಕರೂ ಕೆಲಸ ಮಾಡದ ಔಷಧಿ ಕೆಲಸ ಮಾಡದ ಔಷಧಿಯೇ. ಬೆಲೆ ಕಡಿಮೆ ಎಂಬ ಕಾರಣವೊಂದನ್ನೇ ಹೇಳಿ ಮಾರ್ಜಿನ್ ಹಿಗ್ಗಿಸಿದ ಪ್ರಯೋಗ ಬಡವರಿಗೆ ಎರಡನೇ ದರ್ಜೆಯ ಚಿಕಿತ್ಸೆಯನ್ನು ವಿಜ್ಞಾನದ ಮುದ್ರೆಯೊತ್ತಿ ಕೊಡುತ್ತದೆ.

ಮಾರ್ಜಿನ್ ಹಿಗ್ಗಿಸುವ ಆಸೆಗೆ ಇನ್ನೊಂದು ಕಾರಣವೂ ಇದೆ: ರೋಗಿಗಳ ಸಂಖ್ಯೆ. ಅಂಕಗಳ ಏರಿಳಿತವನ್ನು 15 ಅಕ್ಷರವೆಂದು ಇಟ್ಟುಕೊಂಡು, ಔಷಧಿಗಳು ನಿಜಕ್ಕೂ ಸಮವಾಗಿದ್ದರೆ ನೂರರಲ್ಲಿ 90 ಸಲ ಹಾಗೆಂದು ತೋರಿಸುವಂತೆ ಲೆಕ್ಕ ಹಾಕಿ ನೋಡಿ. 5 ಅಕ್ಷರದ ಮಾರ್ಜಿನ್‌ಗೆ ಪ್ರತಿ ಗುಂಪಿನಲ್ಲಿ ಸುಮಾರು 190 ಜನ ಬೇಕು. 3.5 ಅಕ್ಷರಕ್ಕೆ ಇಳಿಸಿದರೆ ಸುಮಾರು 386. ಎರಡೂವರೆಗೆ ಇಳಿಸಿದರೆ ಸುಮಾರು 757. ಮಾರ್ಜಿನ್ ಅರ್ಧವಾದರೆ ರೋಗಿಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಹಣ, ಸಮಯ ಸಾಲದೆ ಬಂದಾಗ ಮೊದಲು ರೋಗಿಗಳ ಸಂಖ್ಯೆ ಗೊತ್ತುಮಾಡಿ, ಅದಕ್ಕೆ ಹೊಂದುವಂತೆ ಮಾರ್ಜಿನ್ ಬರೆಯುವವರಿದ್ದಾರೆ. ವರದಿಯಲ್ಲಿ ಮಾರ್ಜಿನ್‌ಗೆ ಕಾರಣವನ್ನೇ ಕೊಡದೆ ಸಂಖ್ಯೆ ಮಾತ್ರ ಇದ್ದರೆ ಹೀಗಾಗಿರಬಹುದೇ ಎಂದು ಅನುಮಾನಿಸಬೇಕು.

ಎರಡು ದೇಶ, ಎರಡು ಗೆರೆ

ಕ್ಯಾಟ್‌ನ ಒಂದು ವರ್ಷದ ಫಲಿತಾಂಶ 2011ರಲ್ಲಿ ಬಂತು. ತಿಂಗಳಿಗೊಮ್ಮೆ ಲುಸೆಂಟಿಸ್ ಪಡೆದವರು ಸರಾಸರಿ 8.5 ಅಕ್ಷರ ಗಳಿಸಿದ್ದರು, ತಿಂಗಳಿಗೊಮ್ಮೆ ಅವಾಸ್ಟಿನ್ ಪಡೆದವರು 8.0. ಅವಾಸ್ಟಿನ್ ಅರ್ಧ ಅಕ್ಷರ ಹಿಂದೆ. ನಾಲ್ಕು ಗುಂಪುಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದರೆ ಆರು ಹೋಲಿಕೆಗಳಾಗುತ್ತವೆ. ಆರು ಸಲ ಅದೃಷ್ಟ ಪರೀಕ್ಷಿಸಿದಂತಾಗಬಾರದೆಂದು ಆ ತಂಡ 95ರ ಬದಲು 99.2 ಶೇಕಡಾ ವಿಶ್ವಾಸ ವ್ಯಾಪ್ತಿಯನ್ನು ಬಳಸಿತು. ಅದರ ಕೆಟ್ಟ ತುದಿ 3.9 ಅಕ್ಷರ ಹಿಂದೆ, ಒಳ್ಳೆಯ ತುದಿ 2.9 ಅಕ್ಷರ ಮುಂದೆ. 3.9 ಎಂಬುದು 5ರ ಒಳಗಿದೆ. ಅವಾಸ್ಟಿನ್ ತೇರ್ಗಡೆಯಾಯಿತು.

ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಇವಾನ್ ಎಂಬ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಬೆಲ್‌ಫಾಸ್ಟಿನ ಉಷಾ ಚಕ್ರವರ್ತಿ ಅದರ ನೇತೃತ್ವ ವಹಿಸಿದ್ದರು. 610 ರೋಗಿಗಳು, ಅವೇ ಎರಡು ಔಷಧಿಗಳು, ಅದೇ ಅಕ್ಷರಫಲಕ. ಆದರೆ ಮಾರ್ಜಿನ್ 3.5 ಅಕ್ಷರ. 2013ರಲ್ಲಿ ಬಂದ ಎರಡು ವರ್ಷದ ಫಲಿತಾಂಶದಲ್ಲಿ ಅವಾಸ್ಟಿನ್ ಸರಾಸರಿ 1.37 ಅಕ್ಷರ ಹಿಂದಿತ್ತು. 95 ಶೇಕಡಾ ವ್ಯಾಪ್ತಿ 3.75 ಅಕ್ಷರ ಹಿಂದಿನಿಂದ 1.01 ಅಕ್ಷರ ಮುಂದಿನವರೆಗೆ ಹಬ್ಬಿತ್ತು. ಕೆಟ್ಟ ತುದಿ ಮಾರ್ಜಿನ್ ಅನ್ನು ಕಾಲು ಅಕ್ಷರದಷ್ಟು ದಾಟಿತ್ತು. ವರದಿಯ ತೀರ್ಪು: ಅವಾಸ್ಟಿನ್ ಕೀಳಲ್ಲ ಎಂದು ತೋರಿಸಲಾಗಲಿಲ್ಲ, ಕೀಳು ಎಂದೂ ತೋರಿಸಲಾಗಲಿಲ್ಲ.

ಇವಾನ್‌ನ ಇದೇ ವ್ಯಾಪ್ತಿಯನ್ನು ಕ್ಯಾಟ್‌ನ 5 ಅಕ್ಷರದ ಗೆರೆಯ ಪಕ್ಕ ಇಟ್ಟರೆ ಅವಾಸ್ಟಿನ್ ಸಲೀಸಾಗಿ ಪಾರಾಗುತ್ತದೆ. ಕ್ಯಾಟ್‌ನ 3.9 ಅನ್ನು ಇವಾನ್‌ನ 3.5ರ ಪಕ್ಕ ಇಟ್ಟರೆ ಸಿಕ್ಕಿಬೀಳುತ್ತದೆ. ಔಷಧಿ ಬದಲಾಗಿಲ್ಲ, ಕಣ್ಣುಗಳು ಬದಲಾಗಿಲ್ಲ, ತೀರ್ಪು ಮಾತ್ರ ಬದಲಾಗುತ್ತದೆ. ‘ಪಾಸಾಯಿತು’, ‘ಫೇಲಾಯಿತು’ ಎಂಬ ಸುದ್ದಿಯ ತಲೆಬರಹ ಇಂಥ ಪ್ರಯೋಗಗಳ ವಿಷಯದಲ್ಲಿ ಏಕೆ ಸಾಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಎರಡೂ ಪ್ರಯೋಗಗಳು ಒಂದೇ ವಿಷಯ ಹೇಳುತ್ತಿವೆ: ಅವಾಸ್ಟಿನ್ ಒಂದಷ್ಟು ಹಿಂದಿರಬಹುದು, ಆದರೆ ನಾಲ್ಕು ಅಕ್ಷರಕ್ಕಿಂತ ಹೆಚ್ಚು ಹಿಂದಿರುವ ಸಂಭವ ಬಹಳ ಕಡಿಮೆ. ಆ ನಾಲ್ಕು ಅಕ್ಷರ ಸಹ್ಯವೇ ಎಂಬುದು ಮೌಲ್ಯದ ಪ್ರಶ್ನೆ.

ಹಾಗೆಂದು ಇವಾನ್ ತಂಡ ಫಲಿತಾಂಶ ನೋಡಿದ ಮೇಲೆ ಮಾರ್ಜಿನ್ ಅನ್ನು 4 ಎಂದು ತಿದ್ದಿಕೊಳ್ಳುವಂತಿರಲಿಲ್ಲ, ತಿದ್ದಿಕೊಳ್ಳಲೂ ಇಲ್ಲ. ಗೆರೆಯನ್ನು ಮೊದಲೇ ಎಳೆದು, ಸಾರ್ವಜನಿಕವಾಗಿ ದಾಖಲಿಸಿ, ಬಂದದ್ದನ್ನು ಬಂದ ಹಾಗೆ ಹೇಳಿದ್ದರಿಂದಲೇ ಆ ವರದಿಯನ್ನು ನಂಬಬಹುದು.

ಗೆರೆ ಸರಿಯಿದ್ದರೂ ತಪ್ಪುವ ಜಾಗಗಳು

ಮಾರ್ಜಿನ್ ಅನ್ನು ಎಷ್ಟೇ ಎಚ್ಚರದಿಂದ ಆರಿಸಿದರೂ ಅದು ಒಂದು ನಂಬಿಕೆಯ ಮೇಲೆ ನಿಂತಿದೆ. ಮರೀನಾದಲ್ಲಿ ಕೊಟ್ಟಷ್ಟೇ ಉಪಕಾರವನ್ನು ಲುಸೆಂಟಿಸ್ ಕ್ಯಾಟ್‌ನಲ್ಲೂ ಕೊಟ್ಟಿದೆ ಎಂಬ ನಂಬಿಕೆ ಅದು. ಕ್ಯಾಟ್‌ನಲ್ಲಿ ಹುಸಿ ಚುಚ್ಚುಮದ್ದಿನ ಗುಂಪಿರಲಿಲ್ಲ, ಇರುವಂತೆಯೂ ಇರಲಿಲ್ಲ. ದೃಷ್ಟಿ ಉಳಿಸುವ ಔಷಧಿ ಗೊತ್ತಿದ್ದೂ ಕೊಡದಿರುವುದು ಅಧರ್ಮ. ಆದ್ದರಿಂದ ಆ ನಂಬಿಕೆಯನ್ನು ಪರೋಕ್ಷವಾಗಿ ಪರೀಕ್ಷಿಸಬೇಕು. ಮರೀನಾದಲ್ಲಿ ಲುಸೆಂಟಿಸ್‌ನವರು ಗಳಿಸಿದ್ದು 7.2 ಅಕ್ಷರ, ಆಂಕರ್ ಎಂಬ ಜೊತೆಯ ಪ್ರಯೋಗದಲ್ಲಿ 11.3, ಕ್ಯಾಟ್‌ನಲ್ಲಿ 8.5. ಹಳೆಯ ಔಷಧಿ ತನ್ನ ಎಂದಿನ ಕೆಲಸವನ್ನು ಮಾಡಿದೆ. ಕ್ಯಾಟ್‌ನಲ್ಲಿ ಅದು ಒಂದೆರಡು ಅಕ್ಷರ ಮಾತ್ರ ಗಳಿಸಿಕೊಟ್ಟಿದ್ದರೆ, ಎರಡೂ ಔಷಧಿಗಳು ಸಮವಾಗಿ ವಿಫಲವಾಗಿರಬಹುದೆಂಬ ಅನುಮಾನ ಬರುತ್ತಿತ್ತು.

ಆ ಅನುಮಾನಕ್ಕೆ ಕಾರಣವಿದೆ. ಅಜಾಗರೂಕತೆ ಈ ಬಗೆಯ ಪ್ರಯೋಗದಲ್ಲಿ ಅಗ್ಗದ ಔಷಧಿಗೇ ಅನುಕೂಲ ಮಾಡಿಕೊಡುತ್ತದೆ. ರೋಗಿಗಳು ಚುಚ್ಚುಮದ್ದು ತಪ್ಪಿಸಿದರೆ, ಒಂದು ಗುಂಪಿನವರು ಇನ್ನೊಂದರ ಔಷಧಿ ಪಡೆದರೆ, ಅಕ್ಷರಗಳನ್ನು ಸರಿಯಾಗಿ ಅಳೆಯದಿದ್ದರೆ, ಎರಡು ಗುಂಪುಗಳ ನಡುವಿನ ನಿಜವಾದ ಅಂತರ ಮಸುಕಾಗಿ ಎರಡೂ ಒಂದೇ ಎಂಬಂತೆ ಕಾಣತೊಡಗುತ್ತದೆ. ಆದ್ದರಿಂದ ಸೇರಿದ ಎಲ್ಲ ರೋಗಿಗಳ ಲೆಕ್ಕದ ಜೊತೆಗೆ, ನಿಯಮದಂತೆ ಚಿಕಿತ್ಸೆ ಪೂರೈಸಿದವರ ಲೆಕ್ಕವನ್ನೂ ಬೇರೆಯಾಗಿ ಕೇಳಬೇಕು. ಎರಡೂ ಒಂದೇ ಕಡೆ ಬೆರಳು ತೋರಿಸಿದರೆ ಧೈರ್ಯ ಬರುತ್ತದೆ.

ಇನ್ನೊಂದು ಅಪಾಯ, ಚಿಕ್ಕ ಚಿಕ್ಕ ರಿಯಾಯಿತಿಗಳು ಒಂದರ ಮೇಲೊಂದು ಕೂಡಿಕೊಳ್ಳುವುದು. ಕ್ಯಾಟ್‌ನಲ್ಲೇ ಇದು ಕಾಣುತ್ತದೆ. ತಿಂಗಳಿಗೊಮ್ಮೆ ಕೊಟ್ಟ ಅವಾಸ್ಟಿನ್ ಕೀಳಲ್ಲ ಎಂದು ತೀರ್ಮಾನವಾಯಿತು. ತಿಂಗಳಿಗೊಮ್ಮೆ ಕೊಡುವ ಬದಲು ಅಗತ್ಯವಿದ್ದಾಗ ಮಾತ್ರ ಕೊಟ್ಟ ಲುಸೆಂಟಿಸ್ ಕೂಡ ಗೆರೆಯ ಒಳಗೇ ಉಳಿಯಿತು. ಆದರೆ ಎರಡು ಉಳಿತಾಯಗಳನ್ನೂ ಒಟ್ಟಿಗೆ ಮಾಡಿದಾಗ, ಅಂದರೆ ಅವಾಸ್ಟಿನ್ ಅನ್ನು ಅಗತ್ಯವಿದ್ದಾಗ ಮಾತ್ರ ಕೊಟ್ಟಾಗ, ಗಳಿಕೆ 5.9 ಅಕ್ಷರಕ್ಕೆ ಇಳಿಯಿತು. ತಿಂಗಳ ಲುಸೆಂಟಿಸ್‌ಗೆ ಹೋಲಿಸಿದರೆ ಅದು ಕೀಳಲ್ಲ ಎಂದು ಹೇಳಲಾಗಲಿಲ್ಲ. ನಾಳೆ ಇನ್ನೂ ಅಗ್ಗದ ಔಷಧಿಯೊಂದನ್ನು ಅವಾಸ್ಟಿನ್ ಜೊತೆ ಹೋಲಿಸಿ, ಮತ್ತೆ ಐದು ಅಕ್ಷರದ ರಿಯಾಯಿತಿ ಕೊಟ್ಟರೆ, ಮೂಲ ಔಷಧಿಯಿಂದ ಎಷ್ಟು ದೂರ ಬಂದೆವು ಎಂಬುದೇ ಮರೆತುಹೋಗುತ್ತದೆ. ಪ್ರತಿ ಹೊಸ ಹೋಲಿಕೆಯೂ ಸಾಧ್ಯವಾದಷ್ಟು ಮೂಲ ಔಷಧಿಯ ಜೊತೆಗೇ ನಡೆಯಬೇಕು ಎನ್ನುವುದು ಇದಕ್ಕೇ.

ಕೊನೆಯದಾಗಿ, ಮಾರ್ಜಿನ್ ಕಾಯುವುದು ತಾನು ಅಳೆದ ಒಂದು ಫಲಿತಾಂಶವನ್ನು ಮಾತ್ರ. ಕ್ಯಾಟ್‌ನ ಮೊದಲ ವರ್ಷದಲ್ಲಿ ಆಸ್ಪತ್ರೆ ಸೇರುವಂಥ ಗಂಭೀರ ತೊಂದರೆಗಳು ಅವಾಸ್ಟಿನ್ ಗುಂಪಿನಲ್ಲಿ 24.1 ಶೇಕಡಾ, ಲುಸೆಂಟಿಸ್ ಗುಂಪಿನಲ್ಲಿ 19.0 ಶೇಕಡಾ ಜನರಿಗೆ ಬಂದಿದ್ದವು. ಅಕ್ಷರಗಳ ಮಾರ್ಜಿನ್ ಈ ಬಗ್ಗೆ ಏನನ್ನೂ ಹೇಳಲಾರದು. ಅದನ್ನು ತಿಳಿಯಲು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಬೇಕಾಯಿತು. 2014ರ ಕಾಕ್ರೇನ್ ವಿಮರ್ಶೆ ಒಂಬತ್ತು ಪ್ರಯೋಗಗಳನ್ನು ಸೇರಿಸಿ ನೋಡಿದಾಗ, ಸಾವಿನಲ್ಲಾಗಲೀ ಒಟ್ಟಾರೆ ಗಂಭೀರ ತೊಂದರೆಗಳಲ್ಲಾಗಲೀ ಎರಡರ ನಡುವೆ ಸ್ಪಷ್ಟ ಅಂತರ ಕಾಣಲಿಲ್ಲ. ಸಿರಿಂಜಿಗೆ ತುಂಬುವಾಗ ಸೋಂಕು ತಗಲುವುದೂ ಮಾರ್ಜಿನ್‌ನ ವ್ಯಾಪ್ತಿಗೆ ಬರದ ವಿಷಯ. ಒಂದೇ ಸೀಸೆಯನ್ನು ಹಲವರಿಗೆ ಹಂಚುವುದರಿಂದಲೇ ಅವಾಸ್ಟಿನ್ ಅಗ್ಗ, ಆ ಹಂಚುವಿಕೆಯಲ್ಲೇ ಅಪಾಯವೂ ಇದೆ. 2016ರ ಆರಂಭದಲ್ಲಿ ಗುಜರಾತಿನ ರೋಗಿಗಳಿಗೆ ತೊಂದರೆಯಾದಾಗ ಭಾರತದ ಔಷಧ ನಿಯಂತ್ರಕರು ಕಣ್ಣಿಗೆ ಅವಾಸ್ಟಿನ್ ಬಳಸುವುದರ ವಿರುದ್ಧ ಎಚ್ಚರಿಕೆ ಹೊರಡಿಸಿ, ಕಣ್ಣಿನ ವೈದ್ಯರ ಮನವಿಯ ನಂತರ ಅದನ್ನು ಹಿಂತೆಗೆದುಕೊಂಡರು.

ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಕಣ್ಣಿನ ಚಿಕಿತ್ಸೆಗೆಂದು ಅವಾಸ್ಟಿನ್‌ನ ಮೂಲ ಔಷಧಿಯನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ರಾಜ್ಯದ ಕಣ್ಣಿನ ಆಸ್ಪತ್ರೆಗಳಲ್ಲೂ ಅದು ಬಳಕೆಯಲ್ಲಿದೆ. ‘ಅಗ್ಗದ ಔಷಧಿಯೂ ಅಷ್ಟೇ ಒಳ್ಳೆಯದು, ಸಂಶೋಧನೆಯಲ್ಲಿ ಸಾಬೀತಾಗಿದೆ’ ಎಂಬ ಮಾತು ರಕ್ತದೊತ್ತಡ, ಮಧುಮೇಹ, ಕ್ಷಯದ ಔಷಧಿಗಳ ಬಗ್ಗೆಯೂ ಮುಂದೆ ಕೇಳಿಬರುತ್ತದೆ. ಆಗ ಮೂರು ಪ್ರಶ್ನೆ ಕೇಳಿದರೆ ಸಾಕು. ಎಷ್ಟು ಹಿಂದೆ ಬಿದ್ದರೂ ಪರವಾಗಿಲ್ಲ ಎಂದು ಮೊದಲೇ ಬರೆದಿಟ್ಟಿದ್ದರು? ಅದು ಹಳೆಯ ಔಷಧಿಯ ಒಟ್ಟು ಉಪಕಾರದಲ್ಲಿ ಎಷ್ಟು ಪಾಲು? ಫಲಿತಾಂಶದ ಕೆಟ್ಟ ತುದಿ ಎಲ್ಲಿ ನಿಂತಿತು? ಈ ಮೂರಕ್ಕೂ ನೇರ ಉತ್ತರ ಕೊಡುವ ಪ್ರಯೋಗವಾದರೆ ಅಗ್ಗದ ಔಷಧಿಯನ್ನು ಅಳುಕಿಲ್ಲದೆ ತೆಗೆದುಕೊಳ್ಳಬಹುದು. ಉತ್ತರ ಸಿಗದಿದ್ದರೆ ಉಳಿದ ಹಣಕ್ಕೆ ಪ್ರತಿಯಾಗಿ ರೋಗಿ ಏನು ಕೊಡುತ್ತಿದ್ದಾನೆ ಎಂಬುದನ್ನು ಇನ್ನೂ ಯಾರೂ ಅಳೆದಿಲ್ಲ ಎಂದೇ ತಿಳಿಯಬೇಕು.